ಉಚಿತ ಪಾಸ್‌ಗೂ ಮಾರಿದ ಟಿಕೆಟ್‌ಗೂ ಬೇರೆ ಬೇರೆ ಲೆಕ್ಕ ಇಡುವುದು ಹೇಗೆ?

ಪ್ರಶ್ನೆ: 600 ಆಸನದ ಸಭಾಂಗಣದಲ್ಲಿ ಒಂದು ದಿನದ ಸಮ್ಮೇಳನ ಮಾಡ್ತಿದ್ದೀವಿ. ಹೋದ ಸಲ ಸ್ಪಾನ್ಸರ್, ಸ್ಪೀಕರ್, ಪ್ರೆಸ್‌ನವರಿಗೆ ಪೂರ್ತಿ ರಿಯಾಯಿತಿಯ ಒಂದೊಂದು ಕೋಡ್ ಕೊಟ್ಟಿದ್ವಿ. ಟಿಕೆಟ್ ಖಾಲಿ ಅಂತ ಮಾರಾಟ ನಿಲ್ಲಿಸಿದ್ವಿ, ಆದ್ರೆ ಆ ದಿನ ಮುಂದಿನ ಸಾಲುಗಳೇ ಖಾಲಿ ಇದ್ವು. ಇತ್ತ ಗೇಟ್‌ನಲ್ಲಿ ಒಬ್ಬ ಸ್ಪಾನ್ಸರ್ ಕಡೆಯವರು ತಮ್ಮ ಪಾಸ್ ನಡೀತಿಲ್ಲ ಅಂತ ಬೇಜಾರು ಮಾಡ್ಕೊಂಡು ನಿಂತಿದ್ರು. ಉಚಿತ ಪಾಸ್ ಲೆಕ್ಕ ಬೇರೆಯಾಗಿ ಇಡೋದು ಹೇಗೆ?

ಉತ್ತರ: ಎರಡು ತೊಂದರೆಗೂ ಕಾರಣ ಆ ಕೋಡ್. ಪೂರ್ತಿ ರಿಯಾಯಿತಿಯ ಕೋಡ್ ಹಾಕಿ ಟಿಕೆಟ್ ತೆಗೆದುಕೊಂಡಾಗ ವ್ಯವಸ್ಥೆಯ ಕಣ್ಣಿಗೆ ಅದು ಮಾಮೂಲಿ ಟಿಕೆಟ್ಟೇ. ಬೆಲೆ ಮಾತ್ರ ಸೊನ್ನೆ. ಹಾಗಾಗಿ ಅದು ಮಾರಾಟದ ದಾಸ್ತಾನಿನಿಂದ ಒಂದನ್ನು ತಿನ್ನುತ್ತದೆ, ‘ಮಾರಾಟವಾದದ್ದು’ ಎಂಬ ಸಂಖ್ಯೆಗೆ ಸೇರುತ್ತದೆ, ಸರಾಸರಿ ಬೆಲೆಯನ್ನು ಕೆಳಗೆಳೆಯುತ್ತದೆ. ಯಾರ ಪಾಲಿನದು, ಯಾವ ಮಾತಿನ ಮೇಲೆ ಕೊಟ್ಟದ್ದು ಎಂಬುದು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಇನ್ನು, ಹದಿನೈದು ಸಲ ಬಳಸಬಹುದಾದ ಒಂದೇ ಕೋಡ್ ಕೊಟ್ಟರೆ ಅದು ಆ ಕಂಪನಿಯ ಗ್ರೂಪಿಗೆ ಹೋಗುತ್ತದೆ, ಅಲ್ಲಿಂದ ಗೆಳೆಯರಿಗೆ ಹೋಗುತ್ತದೆ. ಮೊದಲು ಕಂಡ ಹದಿನೈದು ಜನ ಬಳಸಿ ಮುಗಿಸಿರುತ್ತಾರೆ. ನಿಜವಾಗಿ ಬರಬೇಕಿದ್ದ ಹಿರಿಯ ಅಧಿಕಾರಿ ಕೊನೇ ದಿನ ಕೋಡ್ ಹಾಕಿದರೆ ಅದು ನಡೆಯುವುದಿಲ್ಲ. ನಿಮ್ಮ ಗೇಟ್‌ನಲ್ಲಿ ನಿಂತವರ ಕಥೆ ಬಹುಮಟ್ಟಿಗೆ ಇದೇ ಇರಬೇಕು. ಹಳೆಯ ಆರ್ಡರ್‌ಗಳಲ್ಲಿ ಆ ಕೋಡ್ ಹುಡುಕಿ ನೋಡಿ. ಬಳಸಿದವರ ಇಮೇಲ್‌ಗಳಲ್ಲಿ ಆ ಕಂಪನಿಗೆ ಸಂಬಂಧವೇ ಇಲ್ಲದ ವಿಳಾಸಗಳು ಕಂಡರೆ ಅನುಮಾನ ಖಚಿತ.

ಮೊದಲ ಬದಲಾವಣೆ ಟಿಕೆಟ್ ವ್ಯವಸ್ಥೆಯೊಳಗೆ ಆಗಬೇಕು. ಉಚಿತ ಪಾಸ್‌ಗಳಿಗೆ ಪ್ರತ್ಯೇಕ ಟಿಕೆಟ್ ಬಗೆಗಳನ್ನು ಮಾಡಿ: ಸ್ಪಾನ್ಸರ್, ಸ್ಪೀಕರ್, ಪ್ರೆಸ್, ಜೊತೆಗೆ ಆಯೋಜಕರ ಅತಿಥಿ. ನಾಲ್ಕಕ್ಕೂ ಬೆಲೆ ಸೊನ್ನೆ, ನಾಲ್ಕೂ ಸಾರ್ವಜನಿಕ ಪುಟದಲ್ಲಿ ಕಾಣದಂತೆ ಅಡಗಿರಲಿ, ಪ್ರತಿಯೊಂದಕ್ಕೂ ತನ್ನದೇ ಮಿತಿ ಇರಲಿ. ಹಣದ ಟಿಕೆಟ್ ಬಗೆಗೆ ಮಿತಿ ಬೇರೆ. ಇಷ್ಟಾದರೆ ಮಾರಾಟದ ವರದಿ ತನ್ನಷ್ಟಕ್ಕೆ ಶುದ್ಧವಾಗುತ್ತದೆ, ಏಕೆಂದರೆ ಹಣದ ಟಿಕೆಟ್ ಬಗೆಯಲ್ಲಿ ಹಣ ಕೊಟ್ಟವರಷ್ಟೇ ಇರುತ್ತಾರೆ.

ಆದರೆ ಇದರಿಂದ ಖಾಲಿ ಸಾಲುಗಳ ಸಮಸ್ಯೆ ಬಗೆಹರಿಯುವುದಿಲ್ಲ. ಅದಕ್ಕೆ ಪಾಸನ್ನು ನೋಡುವ ರೀತಿಯೇ ಬದಲಾಗಬೇಕು. ಟಿಕೆಟ್‌ಗೆ ಸಾಮಾನ್ಯವಾಗಿ ಎರಡೇ ಸ್ಥಿತಿ, ಮಾರಿದೆ ಅಥವಾ ಮಾರಿಲ್ಲ. ಉಚಿತ ಪಾಸ್‌ ಒಂದು ಮಾತು ಕೊಟ್ಟ ಹಾಗೆ, ಅದಕ್ಕೆ ಮೂರು ಹಂತಗಳಿವೆ. ಇಷ್ಟು ಕೊಡುತ್ತೇವೆ ಎಂದು ಒಪ್ಪಿದ್ದು ಕೋಟಾ. ಆ ಕೋಟಾದೊಳಗೆ ಹೆಸರು ಬಂದದ್ದು ಎಷ್ಟು ಎಂಬುದು ಎರಡನೆಯದು. ಆ ದಿನ ಬಾಗಿಲು ದಾಟಿ ಬಂದವರು ಎಷ್ಟು ಎಂಬುದು ಮೂರನೆಯದು. ಈ ಮೂರನ್ನೂ ‘ಕಾಂಪ್ಲಿಮೆಂಟರಿ’ ಎಂಬ ಒಂದೇ ಕಾಲಮ್ಮಿಗೆ ತುರುಕಿದಾಗ ಯಾರೂ ಬರದ ಕುರ್ಚಿಗಳನ್ನು ಕೊನೆಯವರೆಗೂ ಕಾದಿಟ್ಟುಕೊಂಡು ಕೂರುತ್ತೀರಿ.

ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಹಾಳೆ ಸಾಕು. ಮೊದಲನೆಯದು `Allot`, ಅದರಲ್ಲಿ ಒಂದು ಸಂಸ್ಥೆಗೆ ಅಥವಾ ಒಬ್ಬ ಸ್ಪೀಕರ್‌ಗೆ ಒಂದು ಸಾಲು. A ಕಾಲಮ್‌ನಲ್ಲಿ ಗುರುತಿನ ಸಂಖ್ಯೆ, B ಹೆಸರು, C ಬಗೆ, D ಕೋಟಾ, E ನಿಮ್ಮ ತಂಡದಲ್ಲಿ ಅವರೊಂದಿಗೆ ಮಾತಾಡುವವರ ಹೆಸರು, F ಬಿಡುಗಡೆ ದಿನಾಂಕ, ಅಂದರೆ ಹೆಸರು ಬಾರದ ಆಸನಗಳನ್ನು ಮಾರಾಟಕ್ಕೆ ಬಿಟ್ಟುಕೊಡುವ ದಿನ. ಎರಡನೆಯದು `Guests`. ಅದರಲ್ಲಿ ಒಳಗೆ ಬರುವ ಪ್ರತಿಯೊಬ್ಬರಿಗೂ ಒಂದು ಸಾಲು: A ಯಾರ ಕೋಟಾ ಎಂಬುದಕ್ಕೆ `Allot`ನ ಅದೇ ಗುರುತಿನ ಸಂಖ್ಯೆ, B ಹೆಸರು, C ಇಮೇಲ್, D ಪಾಸ್ ಸಂಖ್ಯೆ, E ಸ್ಥಿತಿ, F ಒಳಬಂದ ಸಮಯ. ಹೆಸರು ಬಂದ ಮೇಲೆ ಸ್ಥಿತಿಗೆ `OK` ಹಾಕಿ, ಅಲ್ಲಿಯವರೆಗೆ ಖಾಲಿ ಬಿಡಿ. ‘ಇವರ ಜೊತೆ ಒಬ್ಬರು’ ಎಂದು ಪಕ್ಕದಲ್ಲಿ ಟಿಪ್ಪಣಿ ಬರೆಯುವ ಅಭ್ಯಾಸ ಬಿಡಿ. ಜೊತೆಗೆ ಬರುವವರ ಹೆಸರು ಗೊತ್ತಿಲ್ಲದಿದ್ದರೂ ಅವರಿಗೆ ಸ್ವಂತ ಸಾಲು ಬೇಕು. ಟಿಪ್ಪಣಿಯನ್ನು ಯಾವ ಸೂತ್ರವೂ ಎಣಿಸುವುದಿಲ್ಲ.

`Allot` ಹಾಳೆಯ G, H, I ಕಾಲಮ್‌ಗಳಲ್ಲಿ ಈ ಮೂರು ಸೂತ್ರಗಳನ್ನು ಕ್ರಮವಾಗಿ ಹಾಕಿ:

```
=COUNTIFS(Guests!A:A, A2, Guests!E:E, "OK")
=COUNTIFS(Guests!A:A, A2, Guests!F:F, "<>")
=IF(TODAY()<F2, MAX(D2,G2), G2)
```

ಮೊದಲನೆಯದು ಹೆಸರು ಬಂದವರನ್ನು ಎಣಿಸುತ್ತದೆ, ಎರಡನೆಯದು ಒಳಗೆ ಬಂದವರನ್ನು. ಇಡೀ ಲೆಕ್ಕ ನಿಂತಿರುವುದು ಮೂರನೆಯದರ ಮೇಲೆ. ಬಿಡುಗಡೆ ದಿನಾಂಕ ಬರುವವರೆಗೆ ಆ ಸಂಸ್ಥೆಗಾಗಿ ಪೂರ್ತಿ ಕೋಟಾದಷ್ಟು ಆಸನ ಕಾಯ್ದಿಡುತ್ತದೆ. ಆ ದಿನಾಂಕದಿಂದ ಹೆಸರು ಬಂದಷ್ಟನ್ನು ಮಾತ್ರ. ಅಲ್ಲಿ `MAX` ಯಾಕೆ ಎಂದರೆ, ಎಂಟರ ಕೋಟಾದವರಿಗೆ ನಿಮ್ಮವರೇ ಯಾರೋ ಒಂಬತ್ತನೇ ಹೆಸರು ಸೇರಿಸಿಬಿಟ್ಟಿರುತ್ತಾರೆ. ಆ ಒಂಬತ್ತನೆಯವರಿಗೂ ಕುರ್ಚಿ ಬೇಕಲ್ಲ, ಅದು ಲೆಕ್ಕದಲ್ಲಿ ಕಾಣಬೇಕು.

ನಿಮ್ಮ 600 ಆಸನಕ್ಕೆ ಇದನ್ನು ಹಚ್ಚಿ ನೋಡೋಣ. ಕ್ಯಾಮೆರಾ ಸ್ಟ್ಯಾಂಡ್, ಧ್ವನಿ ನಿಯಂತ್ರಣದ ಮೇಜು, ಅದರ ಹಿಂದೆ ವೇದಿಕೆ ಕಾಣದ ಕುರ್ಚಿಗಳು ಸೇರಿ 20 ಹೋದವು ಎಂದುಕೊಳ್ಳಿ, ಉಳಿದದ್ದು 580. ದೊಡ್ಡ ಸ್ಪಾನ್ಸರ್ ಒಬ್ಬರಿಗೆ 15, ಮಧ್ಯಮದ ಇಬ್ಬರಿಗೆ ಎಂಟೆಂಟು, ಸಣ್ಣ ನಾಲ್ವರಿಗೆ ಮೂರು ಮೂರು, ಒಟ್ಟು 43. ಸ್ಪೀಕರ್‌ಗಳು 24 ಜನ, ಪ್ರತಿಯೊಬ್ಬರೂ ಒಬ್ಬರನ್ನು ಕರೆತರಬಹುದು, ಅಲ್ಲಿಗೆ 48. ಪ್ರೆಸ್‌ಗೆ 20. ಆಯೋಜಕರ ಕೈಯಲ್ಲಿ 15. ಎಲ್ಲ ಕೂಡಿದರೆ 126. ಆದ್ದರಿಂದ ಮಾರಾಟ ಶುರುವಾಗುವ ದಿನ ಹಣದ ಟಿಕೆಟ್‌ನ ಮಿತಿ 454. ಅದಕ್ಕಿಂತ ಒಂದೂ ಹೆಚ್ಚು ಬೇಡ.

ಸ್ಪಾನ್ಸರ್ ಮತ್ತು ಸ್ಪೀಕರ್‌ಗಳ ಬಿಡುಗಡೆ ದಿನಾಂಕ ಕಾರ್ಯಕ್ರಮಕ್ಕೆ 14 ದಿನ ಮೊದಲು ಇರಲಿ, ಪ್ರೆಸ್‌ನದು 5 ದಿನ ಮೊದಲು. ಸುದ್ದಿಮನೆಯಲ್ಲಿ ಯಾರನ್ನು ಕಳಿಸಬೇಕೆಂಬುದು ತೀರ್ಮಾನವಾಗುವುದೇ ತಡವಾಗಿ. ಅವರಿಗೆ ಎರಡು ವಾರದ ಗಡುವು ಕೊಟ್ಟರೆ ಸುಮ್ಮನೆ ಯಾರದೋ ಹೆಸರು ಬರೆದು ಕಳಿಸುತ್ತಾರೆ. 14ನೇ ದಿನಕ್ಕೆ ದೊಡ್ಡ ಸ್ಪಾನ್ಸರ್ 11 ಹೆಸರು ಕೊಟ್ಟಿದ್ದಾರೆ, ಮಧ್ಯಮದವರು 8 ಮತ್ತು 5, ಸಣ್ಣವರು 3, 3, 2, ಒಬ್ಬರಿಂದ ಏನೂ ಇಲ್ಲ. ಅಂದರೆ 43ರಲ್ಲಿ 32. ಸ್ಪೀಕರ್‌ಗಳು 24 ಜನರೂ ಇದ್ದಾರೆ, ಆದರೆ ಜೊತೆಗಾರರ ಹೆಸರು ಬಂದದ್ದು 9 ಮಾತ್ರ, ಅಲ್ಲಿಗೆ 33. ಪ್ರೆಸ್‌ನ 20, ಆಯೋಜಕರ 15 ಹಾಗೇ ಇವೆ. ಕಾಯ್ದಿಟ್ಟದ್ದು ಈಗ 100ಕ್ಕೆ ಇಳಿಯಿತು, ಹಣದ ಟಿಕೆಟ್‌ನ ಮಿತಿ 480ಕ್ಕೆ ಏರಿತು. ಮಾರಲು 26 ಟಿಕೆಟ್, ಜೊತೆಗೆ ಎರಡು ವಾರ ಸಮಯ. ಐದು ದಿನ ಇರುವಾಗ ಪ್ರೆಸ್‌ನಿಂದ 14 ಹೆಸರು ಬಂದಿದ್ದರೆ ಮತ್ತೆ ಆರು ಬಿಡುಗಡೆಯಾಗಿ ಮಿತಿ 486. ಹೀಗೆ ಎರಡು ಸಲ ಸೇರಿ ಬಿಡುಗಡೆಯಾದ ಈ 32 ಕುರ್ಚಿಗಳೇ ಹೋದ ಸಲ ನಿಮಗೆ ಖಾಲಿ ಕಂಡಂಥವು.

ಇಲ್ಲೊಂದು ಕಡೆ ಕೈ ಜಾರುವುದು ಸುಲಭ. ಹಾಳೆ ಆಸನವನ್ನು ಬಿಡುಗಡೆ ಮಾಡಿತು ಎಂದ ಮಾತ್ರಕ್ಕೆ ಟಿಕೆಟ್ ವ್ಯವಸ್ಥೆಯಲ್ಲಿರುವ ಕೋಡ್ ಸಾಯುವುದಿಲ್ಲ. ಬಳಸದೆ ಉಳಿದ ಕೋಡ್‌ಗಳು ಜೀವಂತವಾಗಿದ್ದರೆ, ನೀವು ಆ 26ನ್ನೂ ಮಾರಿದ ಮೇಲೆ ಸ್ಪಾನ್ಸರ್ ಕಡೆಯವರು ಉಳಿದ ನಾಲ್ಕನ್ನು ಬಳಸುತ್ತಾರೆ, ಆಸನಕ್ಕಿಂತ ಜನ ಹೆಚ್ಚಾಗುತ್ತಾರೆ. ಆದ್ದರಿಂದ ಕೋಡ್ ಮಾಡುವಾಗಲೇ ಅದರ ಅವಧಿಯನ್ನು ಬಿಡುಗಡೆ ದಿನಾಂಕದ ಹಿಂದಿನ ರಾತ್ರಿ 23:59ಕ್ಕೆ ಮುಗಿಸಿ. ಮೇಲಿನ ಸೂತ್ರ ಬಿಡುಗಡೆಯ ದಿನವೇ ಆಸನ ಬಿಟ್ಟುಕೊಡುತ್ತದೆ, ಹಾಗಾಗಿ ಕೋಡ್ ಆ ದಿನದ ರಾತ್ರಿಯವರೆಗೆ ನಡೆದರೆ ಒಂದು ಇಡೀ ಹಗಲು ಒಂದೇ ಕುರ್ಚಿಗೆ ಇಬ್ಬರು ಯಜಮಾನರು ಇರುತ್ತಾರೆ. ಹಣದ ಟಿಕೆಟ್‌ನ ಮಿತಿ ಏರಿಸುವುದು ಕೋಡ್‌ಗಳು ಮುಗಿದವೆಂದು ನೋಡಿದ ಮೇಲೆಯೇ.

ಬಿಡುಗಡೆ ದಿನಾಂಕವನ್ನು ಸ್ಪಾನ್ಸರ್ ಮೇಲೆ ಕೊನೆಗೆ ಹೇರಲೂ ಆಗದು. ಅವರ ಪಾಸ್‌ಗಳು ನಿಜಕ್ಕೂ ಬಿಟ್ಟಿ ಅಲ್ಲ, ಅವರು ಕೊಟ್ಟ ಹಣಕ್ಕೆ ಒಪ್ಪಂದದಲ್ಲಿ ಬರೆದ ಪ್ರತಿಫಲದ ಒಂದು ಭಾಗ. ‘15 ಪಾಸ್, ಕಾರ್ಯಕ್ರಮಕ್ಕೆ 14 ದಿನ ಮೊದಲು ಹೆಸರು ನೀಡದ ಪಾಸ್‌ಗಳು ಆಯೋಜಕರಿಗೆ ಮರಳುತ್ತವೆ’ ಎಂಬ ಸಾಲು ಒಪ್ಪಂದದಲ್ಲೇ ಇರಬೇಕು. ಅದಿಲ್ಲದೆ ಸಹಿ ಆಗಿದ್ದರೆ ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡು ಮಾತ್ರ ಬಿಡುಗಡೆ ಮಾಡಿ. ಒಂದು ಹೆಸರನ್ನೂ ಕೊಡದ ಆ ಸಣ್ಣ ಸ್ಪಾನ್ಸರ್‌ಗೆ ಇನ್ನೊಂದು ಇಮೇಲ್ ಕಳಿಸಿ ಪ್ರಯೋಜನವಿಲ್ಲ, E ಕಾಲಮ್‌ನಲ್ಲಿರುವವರು ಫೋನ್ ಮಾಡಲಿ. ಪೂರ್ತಿ ಮೌನವಾಗಿರುವ ಸಂಸ್ಥೆಯಲ್ಲಿ ಬಹಳ ಸಲ ನಿಮ್ಮ ಇಮೇಲ್ ಹೋಗುತ್ತಿರುವುದು ಒಪ್ಪಂದಕ್ಕೆ ಸಹಿ ಹಾಕಿದವರಿಗೆ, ಪಾಸ್ ಹಂಚಬೇಕಾದವರಿಗೆ ಆ ವಿಷಯವೇ ಗೊತ್ತಿರುವುದಿಲ್ಲ. ಮಳಿಗೆಯಲ್ಲಿ ನಿಲ್ಲುವ ಸಿಬ್ಬಂದಿ ಆ 15ರೊಳಗೋ ಹೊರಗೋ ಎಂಬುದನ್ನೂ ಮೊದಲೇ ಬರೆದುಕೊಳ್ಳಿ. ಅವರಿಗೆ ಸಭಾಂಗಣದಲ್ಲಿ ಕುರ್ಚಿ ಬೇಡ, ಆದರೆ ಊಟದ ಲೆಕ್ಕಕ್ಕೂ ಕಟ್ಟಡದೊಳಗೆ ಇರಬಹುದಾದ ಜನರ ಮಿತಿಗೂ ಅವರು ಸೇರುತ್ತಾರೆ. ಅವರಿಗೆ ಬೇರೆ ಬಗೆಯ ಪಾಸ್ ಮಾಡುವುದೇ ಸರಿ.

ಸ್ಪಾನ್ಸರ್ ಪಾಸ್‌ನ ಅತಿ ದೊಡ್ಡ ತಲೆನೋವು ಹೆಸರು ಬದಲಾವಣೆ. ಕೊನೇ ವಾರದಲ್ಲಿ ‘ಅವರು ಬರುತ್ತಿಲ್ಲ, ಇವರು ಬರುತ್ತಾರೆ’ ಎಂಬ ಸಂದೇಶ ಬಂದೇ ಬರುತ್ತದೆ, ಅದನ್ನು ಒಪ್ಪಲೇಬೇಕು. ಆದರೆ ಹಳೆಯ ಸಾಲಿನಲ್ಲಿ ಹೆಸರು ಅಳಿಸಿ ಹೊಸದನ್ನು ಬರೆಯಬೇಡಿ. ಹಲವು ವ್ಯವಸ್ಥೆಗಳಲ್ಲಿ ಹೆಸರು ತಿದ್ದಿದರೂ ಕ್ಯೂಆರ್ ಕೋಡ್ ಅದೇ ಉಳಿಯುತ್ತದೆ. ಹಳಬರ ಇಮೇಲ್‌ನಲ್ಲೂ ಹೊಸಬರ ಇಮೇಲ್‌ನಲ್ಲೂ ಒಂದೇ ಕ್ಯೂಆರ್ ಇದ್ದು, ಮೊದಲು ಬಂದವರು ಒಳಗೆ ಹೋಗುತ್ತಾರೆ. ಬರುವುದಿಲ್ಲ ಎಂದ ಹಳಬರು ಮನಸ್ಸು ಬದಲಿಸಿ ಬೆಳಿಗ್ಗೆ ಎಂಟೂವರೆಗೆ ಬಂದುಬಿಟ್ಟರೆ, ಒಂಬತ್ತಕ್ಕೆ ಬಂದ ಹೊಸಬರ ಪಾಸ್ ಸ್ಕ್ಯಾನ್ ಮಾಡಿದಾಗ ‘ಈಗಾಗಲೇ ಬಳಸಲಾಗಿದೆ’ ಎಂದು ಕೆಂಪು ಪರದೆ ಬರುತ್ತದೆ. ಸರಿಯಾದ ದಾರಿ ಇದು: ಹಳೆಯ ಪಾಸ್ ರದ್ದು ಮಾಡಿ, ಸ್ಥಿತಿಗೆ `CANCEL` ಹಾಕಿ, ಹೊಸ ಸಾಲಿನಲ್ಲಿ ಹೊಸ ಪಾಸ್ ಸಂಖ್ಯೆ ಕೊಡಿ. ರದ್ದಾದ ಸಾಲು ಹಾಳೆಯಲ್ಲೇ ಉಳಿಯಲಿ. ಹಳಬರು ಬಂದರೆ ‘ನಿಮ್ಮ ಪಾಸ್ ಇಂಥ ದಿನ ನಿಮ್ಮ ಕಚೇರಿಯವರ ಕೋರಿಕೆಯ ಮೇಲೆ ಇನ್ನೊಬ್ಬರಿಗೆ ಹೋಗಿದೆ’ ಎಂದು ಗೌರವದಿಂದ ಹೇಳಲು ಅದೊಂದೇ ಆಧಾರ.

ಯಾರಿಗೆ ಕೋಡ್, ಯಾರಿಗೆ ನೇರವಾಗಿ ಹೆಸರು ಎಂಬುದು ಆಯಾ ಗುಂಪಿನ ಸ್ವಭಾವ ನೋಡಿ. ಸ್ಪಾನ್ಸರ್‌ಗೆ ಒಂದೇ ಸಲ ಬಳಸುವ ಹದಿನೈದು ಬೇರೆ ಬೇರೆ ಕೋಡ್ ಕೊಟ್ಟರೆ ಒಂದು ಸೋರಿದರೂ ನಷ್ಟ ಒಂದೇ ಪಾಸ್, ಯಾವುದು ಸೋರಿತು ಎಂಬುದೂ ಗೊತ್ತಾಗುತ್ತದೆ. ಸ್ಪೀಕರ್‌ಗಳಿಗೆ ಕೋಡ್ ಕಳಿಸಿ ‘ನೋಂದಾಯಿಸಿಕೊಳ್ಳಿ’ ಎನ್ನಬೇಡಿ. ಅವರ ಹೆಸರು, ಇಮೇಲ್ ನಿಮ್ಮ ಬಳಿ ಇದ್ದೇ ಇರುತ್ತದೆ, ನೀವೇ ಪಾಸ್ ಮಾಡಿ ಕಳಿಸಿ, ಜೊತೆಗಾರರ ಹೆಸರನ್ನಷ್ಟೇ ಕೇಳಿ. ಪ್ರೆಸ್‌ನವರಿಗೆ ಕೋಡ್ ಬೇಡವೇ ಬೇಡ. ಅರ್ಜಿ ಬರಲಿ, ಯಾವ ಸಂಸ್ಥೆ, ಇತ್ತೀಚೆಗೆ ಏನು ಬರೆದಿದ್ದಾರೆ ಎಂದು ನೋಡಿ, ಅನುಮಾನವಿದ್ದರೆ ಅವರ ಸಂಪಾದಕರಿಗೆ ಬರೆದು ಕೇಳಿ, ಆಮೇಲೆ ಒಬ್ಬೊಬ್ಬರ ಹೆಸರಿಗೆ ಪಾಸ್. ಟಿವಿ ಎಂದರೆ ಒಬ್ಬರು ಬರುವುದಿಲ್ಲ, ವರದಿಗಾರರ ಜೊತೆ ಕ್ಯಾಮೆರಾದವರು ಇದ್ದೇ ಇರುತ್ತಾರೆ. ಎಷ್ಟು ಜನ, ಎಷ್ಟು ಕ್ಯಾಮೆರಾ ಎಂದು ಅರ್ಜಿಯಲ್ಲೇ ಕೇಳದಿದ್ದರೆ ಪ್ರೆಸ್ ಕೋಟಾ ಗೇಟ್‌ನಲ್ಲಿ ಉಬ್ಬುತ್ತದೆ.

ಒಬ್ಬರೇ ಎರಡು ಕಡೆ ಸೇರುವುದೂ ಉಂಟು. ಸ್ಪಾನ್ಸರ್ ಕಂಪನಿಯ ಉದ್ಯೋಗಿ ನಿಮ್ಮ ಸ್ಪೀಕರ್ ಕೂಡ ಆಗಿರುತ್ತಾರೆ, ಎರಡೂ ಪಟ್ಟಿಯಲ್ಲಿ ಅವರ ಹೆಸರಿರುತ್ತದೆ, ಎರಡು ಕುರ್ಚಿ ಹೋಗಿರುತ್ತವೆ. `Guests` ಹಾಳೆಯ G ಕಾಲಮ್‌ನಲ್ಲಿ ಇದನ್ನು ಹಾಕಿದರೆ ಮರುಕಳಿಸಿದ ಇಮೇಲ್‌ಗಳ ಮುಂದೆ `TRUE` ಕಾಣುತ್ತದೆ:

```
=COUNTIFS(C:C, C2, E:E, "OK")>1
```

ಕಚೇರಿಯ ಇಮೇಲ್ ಒಂದು ಕಡೆ, ಸ್ವಂತದ್ದು ಇನ್ನೊಂದು ಕಡೆ ಕೊಟ್ಟಿದ್ದರೆ ಸೂತ್ರಕ್ಕೆ ಸಿಗುವುದಿಲ್ಲ, ಆದ್ದರಿಂದ ಹೆಸರಿನ ಪ್ರಕಾರ ವಿಂಗಡಿಸಿ ಒಮ್ಮೆ ಕಣ್ಣಾಡಿಸಿ. ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗ, ಮೊದಲೇ ಹಣ ಕೊಟ್ಟು ಟಿಕೆಟ್ ಕೊಂಡವರು ಆಮೇಲೆ ಸ್ಪೀಕರ್ ಆಗಿ ಆಯ್ಕೆಯಾಗುವುದು. ಅವರ ಟಿಕೆಟ್‌ನ ಬಗೆಯನ್ನು ಅಲ್ಲೇ ಬದಲಿಸಿದರೆ ಹಣ ಮಾರಾಟದ ಖಾತೆಯಲ್ಲಿ ಉಳಿದು, ಅದಕ್ಕೆ ತಕ್ಕ ಟಿಕೆಟ್ ಕಾಣೆಯಾಗುತ್ತದೆ. ತಿಂಗಳ ಕೊನೆಗೆ ಒಂದು ಟಿಕೆಟ್‌ನ ಬೆಲೆಯಷ್ಟು ವ್ಯತ್ಯಾಸ ಹುಡುಕುತ್ತಾ ಲೆಕ್ಕ ನೋಡುವವರು ಒದ್ದಾಡುತ್ತಾರೆ. ಮೊದಲು ಹಣ ಮರಳಿಸಿ ಆ ಆರ್ಡರ್ ರದ್ದು ಮಾಡಿ, ಆಮೇಲೆ ಹೊಸದಾಗಿ ಸ್ಪೀಕರ್ ಪಾಸ್ ಕೊಡಿ.

ಗೇಟ್‌ನಲ್ಲಿ ಉಚಿತ ಪಾಸ್‌ನವರಿಗೆ ಬೇರೆ ಮೇಜು ಇರಲಿ, ಆದರೆ ಸ್ಕ್ಯಾನ್ ಆಗುವ ದತ್ತಾಂಶ ಒಂದೇ ಇರಬೇಕು. ಹಿಂದಿನ ಸಂಜೆ ಮುದ್ರಿಸಿದ ಪಟ್ಟಿ ಬೆಳಗಾಗುವಷ್ಟರಲ್ಲಿ ಹಳತಾಗಿರುತ್ತದೆ, ರಾತ್ರಿ ಬಂದ ಹೆಸರು ಬದಲಾವಣೆಗಳು ಅದರಲ್ಲಿ ಇರುವುದಿಲ್ಲ. ಇಂಟರ್ನೆಟ್ ಕೈಕೊಟ್ಟರೆ ಎಂದು ಕಾಗದದ ಪಟ್ಟಿ ಬೇಕೆನಿಸಿದರೆ ಒಂದೇ ಪ್ರತಿ, ಒಂದೇ ಮೇಜಿನಲ್ಲಿ. ಎರಡು ಬಾಗಿಲಲ್ಲಿ ಎರಡು ಪ್ರತಿ ಇದ್ದರೆ ಒಂದೇ ಹೆಸರಿನಲ್ಲಿ ಇಬ್ಬರು ಒಳಗೆ ಹೋದರೂ ತಿಳಿಯುವುದಿಲ್ಲ. ಹೆಸರಿನ ಕಾಗುಣಿತ ಹತ್ತು ಬಗೆಯಲ್ಲಿ ಬಂದಿರುತ್ತದೆ, ಇನಿಷಿಯಲ್ ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ. ಹಾಗಾಗಿ ಹೆಸರು ಸಿಗದಿದ್ದಾಗ ಸಂಸ್ಥೆಯ ಹೆಸರಿನಿಂದ ಹುಡುಕುವುದನ್ನು ಮೇಜಿನವರಿಗೆ ಮೊದಲೇ ತೋರಿಸಿಕೊಡಿ.

ಆಯೋಜಕರ ಕೈಯಲ್ಲಿ ಇಟ್ಟುಕೊಂಡ 15ರಲ್ಲಿ ಐದನ್ನಾದರೂ ಆ ದಿನ ಬೆಳಗಿನವರೆಗೆ ಉಳಿಸಿಕೊಳ್ಳಿ. ‘ನಾನು ಇಂಥವರ ಕಡೆಯವನು, ಹೆಸರು ಹೇಳಿದ್ದಾರೆ’ ಎಂದು ಬರುವವರು ಇದ್ದೇ ಇರುತ್ತಾರೆ, ಅವರಲ್ಲಿ ಕೆಲವರ ಮಾತು ನಿಜವೇ ಆಗಿರುತ್ತದೆ. ಆದರೆ ಆ ಐದನ್ನು ಕೊಡುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ, ಅವರ ಫೋನ್ ಸಂಖ್ಯೆ ಮೇಜಿನ ಮೇಲೆ ಇರಲಿ. ಬಾಗಿಲಲ್ಲಿ ನಿಂತ ಸ್ವಯಂಸೇವಕರ ಮೇಲೆ ಆ ನಿರ್ಧಾರ ಹೊರಿಸುವುದು ಅನ್ಯಾಯ. ದೊಡ್ಡ ದನಿಯಲ್ಲಿ ಮಾತಾಡುವವರು ಒಳಗೆ ಹೋಗುತ್ತಾರೆ, ಸಂಕೋಚದವರು ಹೊರಗೆ ಉಳಿಯುತ್ತಾರೆ. ಕೊಟ್ಟ ಪ್ರತಿ ಪಾಸ್‌ಗೂ `Guests`ನಲ್ಲಿ ಸಾಲು ಬರಲಿ, ಯಾರು ಒಪ್ಪಿದರು ಎಂಬುದೂ ಸೇರಿ.

ಉಚಿತ ಪಾಸ್‌ನವರಲ್ಲಿ ಬಾರದೆ ಉಳಿಯುವವರು ಹಣ ಕೊಟ್ಟವರಿಗಿಂತ ಸಾಮಾನ್ಯವಾಗಿ ಹೆಚ್ಚು. ಅದನ್ನು ನಂಬಿ ಹೆಸರು ಬಂದ ಪಾಸ್‌ಗಳ ಆಸನವನ್ನೂ ಮುಂಚಿತವಾಗಿ ಮಾರಲು ಹೋಗಬೇಡಿ. ಆ ಅಂದಾಜು ತಪ್ಪಿದ ದಿನ ಕುರ್ಚಿ ಇಲ್ಲದೆ ನಿಲ್ಲುವವರು ನಿಮ್ಮ ಸ್ಪಾನ್ಸರ್ ಆಗಿರುತ್ತಾರೆ. ಅದರ ಬದಲು ಮುಂದಿನ ಸಾಲುಗಳಲ್ಲಿ ಕಾದಿರಿಸಿದ ಕುರ್ಚಿಗಳನ್ನು ಉದ್ಘಾಟನೆ ಶುರುವಾಗಿ ಹದಿನೈದು ನಿಮಿಷಕ್ಕೆ ಒಳಗಿರುವ ಎಲ್ಲರಿಗೂ ತೆರೆಯುತ್ತೇವೆ ಎಂದು ಪಾಸ್‌ನ ಮೇಲೇ ಮುದ್ರಿಸಿ. ತಡವಾಗಿ ಬಂದವರಿಗೂ ಒಳಗೆ ಜಾಗ ಇರುತ್ತದೆ, ಆದರೆ ಮುಂದಿನ ಸಾಲಿನಲ್ಲೇ ಎಂಬ ಭರವಸೆ ಇರುವುದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹಾಜರಿಯನ್ನು ಒಂದೇ ಸಂಖ್ಯೆಯಾಗಿ ಬರೆಯಬೇಡಿ. ಮಾರಿದ್ದೆಷ್ಟು, ಅವರಲ್ಲಿ ಬಂದವರೆಷ್ಟು ಎಂದು ಒಂದು ಸಾಲು; ಉಚಿತ ಪಾಸ್‌ಗೆ ಪ್ರತಿ ಸಂಸ್ಥೆಯ ಮುಂದೆ ಕೋಟಾ, ಹೆಸರು, ಹಾಜರಿ. ಖರ್ಚಿನ ಹಾಳೆಯಲ್ಲಿ ಊಟ, ಬ್ಯಾಡ್ಜ್, ಕಿಟ್‌ಗಳ ತಲಾ ವೆಚ್ಚವನ್ನು ಬಗೆವಾರು ಹಂಚಿದರೆ ಪ್ರೆಸ್‌ಗೆ, ಸ್ಪೀಕರ್‌ಗಳ ಜೊತೆಗಾರರಿಗೆ ನಿಜವಾಗಿ ಎಷ್ಟು ಹೋಯಿತು ಎಂದು ಕಾಣುತ್ತದೆ. ಸ್ಪಾನ್ಸರ್ ಪಾಸ್‌ಗಳ ವೆಚ್ಚವನ್ನು ಪ್ರಚಾರದ ಖರ್ಚಿಗೆ ಸೇರಿಸದೆ ಆ ಪ್ರಾಯೋಜಕತ್ವದ ಆದಾಯದ ಎದುರಿಗೇ ಇಡಿ. ತೆರಿಗೆಗೆ ಅದನ್ನು ಹೇಗೆ ತೋರಿಸಬೇಕೆಂದು ನಿಮ್ಮ ಲೆಕ್ಕಪರಿಶೋಧಕರನ್ನು ಒಪ್ಪಂದಕ್ಕೆ ಮೊದಲೇ ಕೇಳಿ. ಮೇಲಿನ ಉದಾಹರಣೆಯ ದೊಡ್ಡ ಸ್ಪಾನ್ಸರ್‌ನ ಸಾಲು 15, 11, 7 ಎಂದು ಮುಗಿದಿದ್ದರೆ, ಮುಂದಿನ ಒಪ್ಪಂದದಲ್ಲಿ 10 ಪಾಸ್ ಇಟ್ಟು, ಉಳಿದ ಐದರ ಬದಲಿಗೆ ಅವರಿಗೆ ಹೆಚ್ಚು ಬೇಕಾದ ಬೇರೇನನ್ನಾದರೂ ಕೊಡುವ ಮಾತನ್ನು ಆ ಮೂರು ಅಂಕಿಗಳನ್ನು ಮುಂದಿಟ್ಟುಕೊಂಡೇ ಶುರು ಮಾಡಬಹುದು.